ಬಂದಾನ, ಬಂದಾನು: ಫೋಟೊದಲ್ಲಿರುವ ಕನ್ನಡ ಇಂಗ್ಲಿಷಿಗೆ ಹೋಗುವಾಗ ಕಳೆದುಹೋಗುವ ಊರು

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದರು. ಮುಖ್ಯಮಂತ್ರಿಗಳು ಅವರ ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಫೇಸ್‌ಬುಕ್ಕಿಗೆ ಬಂತು. ಅದರ ಸ್ವಯಂಚಾಲಿತ ಇಂಗ್ಲಿಷ್ ಅನುವಾದದಲ್ಲಿ ಮಾತ್ರ ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂಬಂತಾಯಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ ಪತ್ರ ಬರೆದರು, ಮುಖ್ಯಮಂತ್ರಿಗಳು ಬಹಿರಂಗವಾಗಿ ಆಕ್ಷೇಪಿಸಿದರು, ಕಂಪನಿ ಕ್ಷಮೆ ಕೇಳಿ ತಪ್ಪನ್ನು ಸರಿಪಡಿಸಿದ್ದಾಗಿ ಹೇಳಿತು. ಮೂಲದ ಕನ್ನಡ ಸ್ಪಷ್ಟವಾಗಿಯೇ ಇದ್ದಾಗ ಇದು ಹೇಗೆ ಸಾಧ್ಯ ಎಂಬ ಗೊಂದಲ ಮಾತ್ರ ಉಳಿಯಿತು.

ಉತ್ತರ ಕನ್ನಡ ವಾಕ್ಯದ ಕಟ್ಟಿನಲ್ಲಿದೆ. ‘ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ನಟಿಯ ಅಂತಿಮ ದರ್ಶನ ಪಡೆದರು’ ಎಂಬಂಥ ವಾಕ್ಯದಲ್ಲಿ ‘ನಿಧನರಾದ’ ಎಂಬುದು ಮುಂದಿರುವ ನಟಿಯನ್ನು ವಿಶೇಷಿಸುತ್ತದೆ. ಅದನ್ನು ಹಿಂದಿರುವ ಮುಖ್ಯಮಂತ್ರಿಗಳಿಗೆ ಅಂಟಿಸಿದರೆ ಸತ್ತವರು ಬದಲಾಗುತ್ತಾರೆ. ಇಷ್ಟಕ್ಕೂ ಅದು ಶಿಷ್ಟ ಕನ್ನಡ, ಕೀಲಿಮಣೆಯಲ್ಲಿ ಟೈಪು ಮಾಡಿದ ಪಠ್ಯ, ಅಕ್ಷರಗಳ ಬಗ್ಗೆ ಸಂಶಯವೇ ಇರಲಿಲ್ಲ. ಈಗ ಅದೇ ಕೆಲಸವನ್ನು ಕೈಬರಹದ ಚೀಟಿಯ ಫೋಟೊ ಹಿಡಿದು, ಧಾರವಾಡದ ಅಥವಾ ಕುಂದಾಪುರದ ಕನ್ನಡದಲ್ಲಿ ಮಾಡಬೇಕಾದರೆ ತೊಡಕು ಎಲ್ಲೆಲ್ಲಿ ಹುಟ್ಟುತ್ತದೆ ಎಂಬುದು ಈ ಲೇಖನದ ವಿಷಯ. ಮೊಬೈಲಿನ ಕ್ಯಾಮೆರಾ ತೋರಿಸಿ ಅನುವಾದ ಪಡೆಯುವುದು ರೂಢಿಯಾಗಿರುವುದರಿಂದ ಹಳೆಯ ಪತ್ರ, ಜಮೀನಿನ ಕಾಗದ, ಅಂಗಡಿಯ ಬೋರ್ಡು ಎಲ್ಲವೂ ಈಗ ಈ ದಾರಿಯಲ್ಲೇ ಇಂಗ್ಲಿಷಿಗೆ ಹೋಗುತ್ತಿವೆ.

## ಎರಡು ಹಂತ, ಎರಡು ಬಗೆಯ ತಪ್ಪು

ಫೋಟೊದಿಂದ ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲು ಚಿತ್ರದಲ್ಲಿರುವ ಗೆರೆಗಳನ್ನು ಅಕ್ಷರಗಳಾಗಿ ಓದಬೇಕು, ಆಮೇಲೆ ಆ ಅಕ್ಷರಗಳಿಂದಾದ ವಾಕ್ಯವನ್ನು ಅನುವಾದಿಸಬೇಕು. ಓದುವ ತಂತ್ರಾಂಶ ಗೆರೆಗಳನ್ನಷ್ಟೇ ನೋಡುವುದಿಲ್ಲ. ಅಕ್ಷರ ಮಸುಕಾಗಿದ್ದಲ್ಲಿ, ತಾನು ಮೊದಲು ಕಂಡ ಲಕ್ಷಾಂತರ ವಾಕ್ಯಗಳ ಆಧಾರದ ಮೇಲೆ ಇಲ್ಲಿ ಯಾವ ಪದ ಇರಬಹುದು ಎಂದು ಊಹಿಸುತ್ತದೆ. ಆ ವಾಕ್ಯಗಳಲ್ಲಿ ಹೆಚ್ಚಿನವು ಪತ್ರಿಕೆಗಳ ಕನ್ನಡ, ಸರ್ಕಾರಿ ಪ್ರಕಟಣೆಗಳ ಕನ್ನಡ, ವಿಶ್ವಕೋಶದ ಕನ್ನಡ. ಹೀಗಾಗಿ ‘ಬ್ಯಾಡ’ ಎಂದು ಬರೆದಿದ್ದರೂ ‘ಬೇಡ’ ಎಂದು ಓದುವ ಒಲವು ಅದಕ್ಕೆ ಸಹಜವಾಗಿಯೇ ಇರುತ್ತದೆ. ಬೇಸರದಿಂದ ಓದುವ ಮನುಷ್ಯನೂ ಇದನ್ನೇ ಮಾಡುತ್ತಾನೆ ಎಂಬುದನ್ನು ಮರೆಯಬಾರದು.

ಕನ್ನಡ ಲಿಪಿಯ ರಚನೆಯೂ ಇಲ್ಲಿ ಪಾಲು ಪಡೆಯುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ನೇತಾಡುತ್ತದೆ, ದೀರ್ಘದ ಗುರುತು ಪಕ್ಕಕ್ಕೆ ಜೋತುಬೀಳುತ್ತದೆ. ಕೈಬರಹದಲ್ಲಿ ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಯ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಸಾಲುಗಳನ್ನು ಕತ್ತರಿಸುವಾಗ ಒತ್ತು ತುಂಡಾಗುತ್ತದೆ. ಆಗ ‘ಬ್ಯಾಡ’ ಎಂಬುದು ‘ಬಾಡ’ ಎಂದಾಗಿ, ಬೇಡ ಎಂದದ್ದು ಬಾಡಿದ ಬೆಳೆಯೋ ಬಾಡೂಟವೋ ಆಗಿಬಿಡಬಹುದು. ಉತ್ತರ ಕರ್ನಾಟಕದ ಬರಹಕ್ಕೆ ಈ ಅಪಾಯ ಹೆಚ್ಚು, ಏಕೆಂದರೆ ಶಿಷ್ಟದ ಏಕಾರ ಅಲ್ಲಿ ಅನೇಕ ಪದಗಳಲ್ಲಿ ಯ-ಒತ್ತಾಗಿಯೂ ಓಕಾರ ವ-ಒತ್ತಾಗಿಯೂ ನಿಲ್ಲುತ್ತವೆ: ಪೇಟೆ ಪ್ಯಾಟಿ, ಮೇಲೆ ಮ್ಯಾಲ, ಜೋಳ ಜ್ವಾಳ.

## ಒಂದು ಚೀಟಿಯನ್ನು ಬಿಡಿಸಿ ನೋಡಿದರೆ

ಉದಾಹರಣೆಗೆಂದೇ ಕಟ್ಟಿದ ಒಂದು ಚೀಟಿಯನ್ನು ತೆಗೆದುಕೊಳ್ಳೋಣ. ಧಾರವಾಡದ ಕಡೆಯ ಹಳ್ಳಿಯಿಂದ ಅಣ್ಣನೊಬ್ಬ ದೂರದಲ್ಲಿರುವ ತಮ್ಮನಿಗೆ ಬರೆದದ್ದು ಎಂದಿಟ್ಟುಕೊಳ್ಳಿ:

‘ಅಪ್ಪ ಊರಿಗೆ ಬಂದಾನ. ಹೊಲದ ಕಾಗದಕ್ಕ ಸಹಿ ಮಾಡ್ಯಾನ. ಹಳ್ಳದ ಬಾಜೂಕಿನ ಎರಿ ಹೊಲ ಲಾವಣಿಗೆ ಕೊಡೂದು ಬ್ಯಾಡ ಅಂದಾನ. ನೀ ಲಗೂ ಬಾ.’

ಮೊದಲ ಎರಡು ಕ್ರಿಯಾಪದಗಳನ್ನು ನೋಡಿ. ಧಾರವಾಡದ ‘ಬಂದಾನ’ ಎಂದರೆ ಬಂದಿದ್ದಾನೆ, ‘ಮಾಡ್ಯಾನ’ ಎಂದರೆ ಮಾಡಿದ್ದಾನೆ. ಕೆಲಸ ಆಗಿಹೋಗಿದೆ, ಸಹಿ ಬಿದ್ದಿದೆ. ಶಿಷ್ಟ ಕನ್ನಡದಲ್ಲಿ ‘ಬಂದಾನ’ ಎಂಬ ರೂಪ ಇಲ್ಲ. ಅದಕ್ಕೆ ತೀರ ಹತ್ತಿರವಿರುವುದು ‘ಬಂದಾನು’, ಅಂದರೆ ಬಂದರೂ ಬರಬಹುದು. ಹಾಗೆಯೇ ‘ಮಾಡ್ಯಾನ’ಕ್ಕೆ ಹತ್ತಿರದ್ದು ‘ಮಾಡಿಯಾನು’, ಮಾಡಿದರೂ ಮಾಡಬಹುದು. ಓದುವ ಹಂತದಲ್ಲಿ ಯಂತ್ರವೋ ಮನುಷ್ಯನೋ ಕೊನೆಯ ಅಕ್ಷರಕ್ಕೆ ಒಂದು ಕೊಂಬು ಸೇರಿಸಿ ‘ಸರಿಪಡಿಸಿದರೆ’ ಸಾಕು, ಇಂಗ್ಲಿಷಿನಲ್ಲಿ ‘ಹ್ಯಾಸ್ ಸೈನ್ಡ್’ ಎಂದು ಬರಬೇಕಾದದ್ದು ‘ಮೇ ಸೈನ್’ ಎಂದು ಬರುತ್ತದೆ. ಆಗಿಹೋದ ಸಹಿ ಇನ್ನೂ ಆಗಬಹುದಾದ ಸಹಿಯಾಗುತ್ತದೆ. ಕಾಗುಣಿತದಲ್ಲಿ ಇದು ಅತಿ ಸಣ್ಣ ತಿದ್ದುಪಡಿ, ಅರ್ಥದಲ್ಲಿ ಇಡೀ ಚೀಟಿಯ ತಿರುವು.

ಮೂರನೆಯ ವಾಕ್ಯದ ತೊಡಕು ಬೇರೆ ಬಗೆಯದು. ಅಲ್ಲಿನ ಅಕ್ಷರಗಳನ್ನು ಒಂದೂ ತಪ್ಪಿಲ್ಲದೆ ಓದಿದರೂ ಅರ್ಥ ಜಾರಬಹುದು. ‘ಹಳ್ಳ’ ಎಂದರೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಗುಂಡಿ, ತಗ್ಗು. ಧಾರವಾಡದ ಕಡೆ ಅದು ಹರಿಯುವ ತೊರೆ. ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳದ ಹೆಸರಲ್ಲೇ ಆ ಅರ್ಥವಿದೆ, ಮಳೆಗಾಲದಲ್ಲಿ ಹೊಲಗಳಿಗೆ ನುಗ್ಗುವ ಅದನ್ನು ಯಾರೂ ಗುಂಡಿ ಎನ್ನಲಾರರು. ಹಾಗಾಗಿ ‘ಹಳ್ಳದ ಬಾಜೂಕಿನ ಹೊಲ’ ಎಂದರೆ ತೊರೆಯ ದಂಡೆಗೆ ಹೊಂದಿದ ಹೊಲ. ಅದನ್ನು ‘ಪಿಟ್’ ಪಕ್ಕದ ಹೊಲ ಎಂದರೆ ನೀರೂ ಹೋಯಿತು, ಪ್ರವಾಹದ ಭಯವೂ ಹೋಯಿತು.

‘ಎರಿ’ ಎಂದರೆ ಶಿಷ್ಟದ ಎರೆ, ಕರಿ ಮಣ್ಣಿನ ಹೊಲ. ಶಿಷ್ಟ ಕನ್ನಡದಲ್ಲೂ ಎರೆಹುಳು, ಗಾಳದ ಎರೆ ಇತ್ಯಾದಿ ಅರ್ಥಗಳು ಪಕ್ಕದಲ್ಲೇ ಕಾದು ಕೂತಿವೆ. ‘ಎ’ ಅಕ್ಷರವನ್ನು ‘ಏ’ ಎಂದು ಓದಿದರಂತೂ ಕೆರೆಯ ಏರಿಯೇ ಎದ್ದುಬರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಬರಿಯ ‘ಬ್ಲ್ಯಾಕ್ ಫೀಲ್ಡ್’ ಎಂದರೆ ಬಣ್ಣ ಮಾತ್ರ ಉಳಿಯುತ್ತದೆ. ‘ಬ್ಲ್ಯಾಕ್ ಕಾಟನ್ ಸಾಯಿಲ್’ ಎಂದರೆ ಮಾತ್ರ ತೇವ ಹಿಡಿದಿಡುವ, ಬೇಸಿಗೆಯಲ್ಲಿ ಬಿರುಕು ಬಿಡುವ, ಹತ್ತಿಗೂ ಹಿಂಗಾರಿ ಜೋಳಕ್ಕೂ ಹೇಳಿ ಮಾಡಿಸಿದ ಆ ಮಣ್ಣು ಓದುಗನಿಗೆ ತಿಳಿಯುತ್ತದೆ.

ಇಲ್ಲಿ ಅತಿ ದೊಡ್ಡ ಬಲೆ ‘ಲಾವಣಿ’. ಕರ್ನಾಟಕದ ಬಹುಪಾಲು ಓದುಗರಿಗೆ ಲಾವಣಿ ಎಂದರೆ ಹಾಡು. ಉತ್ತರ ಕರ್ನಾಟಕದ ರೈತನಿಗೆ ಅದು ಹಾಡೂ ಹೌದು, ಹೊಲವನ್ನು ಇಂತಿಷ್ಟು ಹಣಕ್ಕೆಂದು ಮಾತಾಡಿ ಬೇರೆಯವರಿಗೆ ಸಾಗುವಳಿಗೆ ಬಿಡುವ ಕರಾರೂ ಹೌದು. ಬೆಳೆಯನ್ನೇ ಹಂಚಿಕೊಳ್ಳುವ ‘ಪಾಲು’ ಇದಕ್ಕಿಂತ ಬೇರೆ. ಅದೇ ವ್ಯವಹಾರಕ್ಕೆ ದಕ್ಷಿಣದ ಕಡೆ ಗುತ್ತಿಗೆ ಎನ್ನುತ್ತಾರೆ, ಕರಾವಳಿಯಲ್ಲಿ ಗೇಣಿ ಎನ್ನುತ್ತಾರೆ. ಅನುವಾದಕ ಮೊದಲ ಅರ್ಥವನ್ನೇ ಹಿಡಿದರೆ ಅಪ್ಪ ತನ್ನ ಹೊಲವನ್ನು ಹಾಡಿಗೆ ಕೊಡಬೇಡ ಎಂದಂತಾಗುತ್ತದೆ. ಇದು ನಗು ತರಿಸುವಷ್ಟು ವಿಚಿತ್ರವಾಗಿರುವುದರಿಂದ ಸಿಕ್ಕಿಬೀಳುತ್ತದೆ. ‘ಪಿಟ್’ ಹಾಗಲ್ಲ. ಹೊಲದ ಪಕ್ಕ ಗುಂಡಿ ಇರುವುದು ಅಸಹಜವೇನಲ್ಲ, ಆದ್ದರಿಂದ ಆ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಕೊನೆಯ ‘ಲಗೂ ಬಾ’, ಬೇಗ ಬಾ ಎಂಬ ಕರೆ, ‘ಲಘು’ ಎಂದು ತಿದ್ದಿಸಿಕೊಂಡರೆ ತಮ್ಮ ಹಗುರವಾಗಿ ಬರಬೇಕಾಗುತ್ತದೆ.

## ಕಾಗುಣಿತವೇ ವಿಳಾಸ

ಈ ಚೀಟಿಯಲ್ಲಿ ಹಳ್ಳ ಎಂದರೆ ತೊರೆ, ಲಾವಣಿ ಎಂದರೆ ಗುತ್ತಿಗೆ ಎಂದು ನಿರ್ಧರಿಸಿದ್ದು ಯಾವ ಆಧಾರದ ಮೇಲೆ? ಊರಿನ ಹೆಸರು ಚೀಟಿಯೊಳಗೆ ಇಲ್ಲ. ಆದರೆ ‘ಬಂದಾನ’, ‘ಕಾಗದಕ್ಕ’, ‘ಬಾಜೂಕಿನ’, ‘ಕೊಡೂದು’, ‘ಬ್ಯಾಡ’ ಎಂಬ ಐದು ರೂಪಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ. ‘ತಪ್ಪು’ ಕಾಗುಣಿತ ಎಂದು ತೋರುವ ಈ ರೂಪಗಳೇ ಬರೆದವನ ಸೀಮೆಯ ಸಾಕ್ಷಿ. ಆ ಸಾಕ್ಷಿ ಇರುವುದರಿಂದಲೇ ಹಳ್ಳಕ್ಕೆ ಎರಡರಲ್ಲಿ ಯಾವ ಅರ್ಥ ಎಂದು ಹೇಳಲು ಸಾಧ್ಯವಾಯಿತು.

ಓದುವ ಹಂತದಲ್ಲೇ ಇಡೀ ಚೀಟಿಯನ್ನು ಶಿಷ್ಟಕ್ಕೆ ತಿರುಗಿಸಿದರೆ ಏನಾಗುತ್ತದೆ ನೋಡಿ: ‘ಅಪ್ಪ ಊರಿಗೆ ಬಂದಿದ್ದಾನೆ, ಹಳ್ಳದ ಪಕ್ಕದ ಎರೆ ಹೊಲವನ್ನು ಲಾವಣಿಗೆ ಕೊಡುವುದು ಬೇಡ ಎಂದಿದ್ದಾನೆ.’ ವ್ಯಾಕರಣ ಶುದ್ಧವಾಯಿತು, ಕ್ರಿಯಾಪದವೂ ಸರಿಯಾಗಿಯೇ ತಿರುಗಿತು ಎನ್ನೋಣ. ಆದರೂ ಇದು ಯಾವ ಸೀಮೆಯ ಮಾತು ಎಂಬ ಗುರುತು ಅಳಿಸಿತು. ಮುಂದಿನ ಮೆಟ್ಟಿಲಿನಲ್ಲಿ ನಿಂತ ಅನುವಾದಕನ ಮುಂದೆ ಈಗ ಇರುವುದು ಊರಿಲ್ಲದ ‘ಹಳ್ಳ’. ಅವನು ನಿಘಂಟಿನ ಮೊದಲ ಅರ್ಥವನ್ನೋ ತನ್ನ ಊರಿನ ಅರ್ಥವನ್ನೋ ಹಾಕುತ್ತಾನೆ. ಮೊದಲ ಹಂತದ ಸದುದ್ದೇಶದ ಶುದ್ಧೀಕರಣವೇ ಎರಡನೆಯ ಹಂತದ ತಪ್ಪಿಗೆ ಕಾರಣವಾಗುವುದು ಹೀಗೆ.

ಸೀಮೆ ಬದಲಾದರೆ ಅರ್ಥ ಬದಲಾಗುವ ಇಂಥ ಪದಗಳು ಬೇಕಾದಷ್ಟಿವೆ. ಹವ್ಯಕರ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಬೆಂಗಳೂರಿನ ಹೋಟೆಲಿನಲ್ಲಿ ಮಾಣಿ ತಿಂಡಿ ತಂದುಕೊಡುವವನು, ಕೂಸು ಹೆಣ್ಣೋ ಗಂಡೋ ಆಗಬಹುದಾದ ಹಸುಳೆ. ಹಟ್ಟಿ ಎಂದರೆ ಚಿತ್ರದುರ್ಗದ ಕಡೆ ಜನ ವಾಸಿಸುವ ಕೇರಿ, ಕರಾವಳಿಯಲ್ಲಿ ದನದ ಕೊಟ್ಟಿಗೆ. ‘ಹಟ್ಟಿಗೆ ಬೆಂಕಿ ಬಿತ್ತು’ ಎಂಬ ಸಾಲಿನ ಫೋಟೊ ಕೈಗೆ ಬಂದರೆ ಮನೆಗಳು ಸುಟ್ಟವೋ ಕೊಟ್ಟಿಗೆ ಸುಟ್ಟಿತೋ ಎಂಬುದನ್ನು ತೀರ್ಮಾನಿಸುವುದು ಆ ಸಾಲಿನ ಉಳಿದ ಪದಗಳ ಕಾಗುಣಿತ.

ಈ ಅರಿವು ಹೊಸದೇನಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಪಕ್ಕ ಇದು ಮೈಸೂರಿನದು, ಇದು ದಕ್ಷಿಣ ಮರಾಠಾ ಸೀಮೆಯದು ಎಂಬ ಸಂಕ್ಷೇಪ ಗುರುತುಗಳು ಸಿಗುತ್ತವೆ. ದಕ್ಷಿಣ ಮರಾಠಾ ಸೀಮೆ ಎಂದರೆ ಈಗಿನ ಧಾರವಾಡ, ಬೆಳಗಾವಿ ಕಡೆಯ ಪ್ರದೇಶ. ಇಂದಿನ ತಂತ್ರಾಂಶಗಳಲ್ಲಿ ಆ ಗುರುತಿಗೂ ಜಾಗ ಕಡಿಮೆ. ಪಠ್ಯದ ಭಾಷೆಯನ್ನು ಸೂಚಿಸುವ ಸಂಕೇತ ಕನ್ನಡಕ್ಕೆ `kn` ಒಂದೇ, ದೇಶ ಸೇರಿಸಿದರೆ `kn-IN`. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಅದರೊಳಗೆ. ಖಾಸಗಿ ಬಳಕೆಗೆ `kn-x-dharwad` ಎಂಬಂತೆ ಬಾಲ ಸೇರಿಸಲು ಆ ಪದ್ಧತಿಯೇ ಅವಕಾಶ ಕೊಟ್ಟಿದೆ. ಆದರೆ ಅದು ಕಡತ ಇಟ್ಟವರ ನೆನಪಿಗಷ್ಟೇ, ಅನುವಾದದ ತಂತ್ರಾಂಶ ಅದನ್ನು ನೋಡಿ ಹಳ್ಳದ ಅರ್ಥ ಬದಲಿಸುತ್ತದೆ ಎಂದು ನಂಬಿ ಕೂರುವಂತಿಲ್ಲ.

## ವಾದ–ಪ್ರತಿವಾದ

ಶಿಷ್ಟಕ್ಕೆ ತಿರುಗಿಸಿಯೇ ಅನುವಾದಿಸಬೇಕು ಎನ್ನುವವರ ವಾದಕ್ಕೆ ಬಲವಿಲ್ಲದೆ ಇಲ್ಲ. ಸಾವಿರಾರು ಪುಟಗಳ ಕಡತದಲ್ಲಿ ‘ಮನೆ’ ಎಂದು ಹುಡುಕಿದರೆ ‘ಮನಿ’ ಎಂದು ಬರೆದ ಪುಟಗಳೂ ಸಿಗಬೇಕು. ‘ಕೊಡಲಾಗುವದು’ ಎಂಬ ಉತ್ತರದ ಹಳೆಯ ರೂಢಿಯ ಬರಹವನ್ನು ‘ಕೊಡಲಾಗುವುದು’ ಎಂದು ಮಾಡಿದರೆ ಯಾರ ಹಕ್ಕೂ ಹೋಗುವುದಿಲ್ಲ. ಜೊತೆಗೆ, ಅನುವಾದದ ತಂತ್ರಾಂಶ ಶಿಷ್ಟ ಕನ್ನಡವನ್ನು ಆಡುಮಾತಿಗಿಂತ ಚೆನ್ನಾಗಿ ನಿಭಾಯಿಸುತ್ತದೆ ಎಂಬುದೂ ನಿಜ. ‘ಮನಿ’ಯನ್ನು ಹಾಗೆಯೇ ಬಿಟ್ಟರೆ ಅದು ಇಂಗ್ಲಿಷಿನ ದುಡ್ಡಾಗಿ ಹೊರಬಂದರೂ ಆಶ್ಚರ್ಯವಿಲ್ಲ.

ಎದುರು ಪಕ್ಷದವರು ಆಡುಮಾತಿನ ಸೊಗಡು ಇಂಗ್ಲಿಷಿನಲ್ಲೂ ಕಾಣಬೇಕು ಎನ್ನುತ್ತಾರೆ. ಕಥೆ ಕಾದಂಬರಿಯ ಅನುವಾದದಲ್ಲಿ ಇದು ಹಳೆಯ ಚರ್ಚೆ. ಧಾರವಾಡದ ಮಾತಿಗೆ ಇಂಗ್ಲಿಷಿನ ಯಾವುದೋ ಒಂದು ಹಳ್ಳಿಗಾಡಿನ ಮಾತನ್ನು ಹೊಂದಿಸುವುದು ಒಂದು ದಾರಿ. ಆದರೆ ಹಾಗೆ ಮಾಡಿದ ಕೂಡಲೇ ಧಾರವಾಡದ ರೈತ ಲಂಡನ್ನಿನ ಗಲ್ಲಿಯವನಂತೆಯೋ ಅಮೆರಿಕದ ದಕ್ಷಿಣದವನಂತೆಯೋ ಕೇಳಿಸುತ್ತಾನೆ. ಅವನ ಮಾತು ಅವನ ಊರಿನಲ್ಲಿ ಎಲ್ಲರೂ ಆಡುವ ಮಾತು, ಇಂಗ್ಲಿಷಿನಲ್ಲಿ ಮಾತ್ರ ಅದು ಓದು ಬರದವನ ಮಾತಾಗಿ ಕಾಣುತ್ತದೆ. ಚೀಟಿ, ಕರಾರು, ಬೋರ್ಡುಗಳಂಥ ಬರಹಕ್ಕೆ ಈ ದಾರಿ ಸಲ್ಲದು ಎಂಬುದು ಈ ಲೇಖಕನ ಅಭಿಪ್ರಾಯ.

ಎರಡು ಪಕ್ಷಗಳೂ ಒಂದು ವಿಂಗಡಣೆಯನ್ನು ಕೈಬಿಟ್ಟಿವೆ. ಮನಿ–ಮನೆ, ಬ್ಯಾಡ–ಬೇಡಗಳಲ್ಲಿ ಬದಲಾಗಿರುವುದು ಉಚ್ಚಾರ, ಅದು ಇಂಗ್ಲಿಷಿನಲ್ಲಿ ಕಾಣಲೇಬೇಕೆಂದಿಲ್ಲ. ಬಂದಾನ–ಬಂದಾನುಗಳಲ್ಲಿ ವ್ಯಾಕರಣ ಬದಲಾಗಿದೆ, ಹಳ್ಳ, ಲಾವಣಿ, ಹಟ್ಟಿಗಳಲ್ಲಿ ವಸ್ತುವೇ ಬದಲಾಗಿದೆ. ಇವು ಇಂಗ್ಲಿಷಿಗೆ ಸರಿಯಾಗಿ ದಾಟಲೇಬೇಕು. ಆದರೆ ಎರಡನೆಯ ಗುಂಪನ್ನು ಬಿಡಿಸಲು ಮೊದಲ ಗುಂಪು ಬೇಕು. ಹೀಗಾಗಿ ಶಿಷ್ಟಕ್ಕೆ ತಿರುಗಿಸಬೇಕೋ ಬೇಡವೋ ಎಂಬುದಕ್ಕಿಂತ ಯಾವಾಗ ತಿರುಗಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಅರ್ಥ ತೀರ್ಮಾನವಾದ ಮೇಲೆ ತಿರುಗಿಸಿದರೆ ಹಾನಿಯಿಲ್ಲ, ಅದಕ್ಕೂ ಮೊದಲು ತಿರುಗಿಸಿದರೆ ಸಾಕ್ಷಿ ನಾಶ.

## ಕೆಲಸದ ಕ್ರಮ

ಫೋಟೊ ತೆಗೆಯುವಾಗ ಬೇಕಾದ ಸಾಲನ್ನು ಮಾತ್ರ ಕತ್ತರಿಸಿಕೊಳ್ಳದೆ ಇಡೀ ಹಾಳೆಯನ್ನು, ಮೊಹರು, ಊರು, ತಾರೀಖು ಸಹಿತ, ನೇರ ಮೇಲಿನಿಂದ ಹಿಡಿಯಬೇಕು. ಕಾಗದದ ಮಡಿಕೆಯ ನೆರಳು ಅಕ್ಷರದ ಬುಡಕ್ಕೆ ಬಿದ್ದರೆ ಒತ್ತು ಹೋದೀತು. ಮೊದಲು ಬರೆದಿಳಿಸುವ ಪ್ರತಿಯಲ್ಲಿ ಅಕ್ಷರಕ್ಕೆ ಅಕ್ಷರ ಇರಬೇಕು, ತಪ್ಪು ಎನ್ನಿಸಿದ್ದನ್ನೂ ತಿದ್ದಬಾರದು, ಸಂಶಯವಿದ್ದಲ್ಲಿ ಚೌಕ ಕಂಸದಲ್ಲಿ ಪ್ರಶ್ನೆ ಗುರುತು ಹಾಕಬೇಕು. ತಂತ್ರಾಂಶದಿಂದ ಓದಿಸಿದ್ದಾದರೆ ಎರಡು ಜಾಗಗಳನ್ನು ಚಿತ್ರದೊಂದಿಗೆ ತಾಳೆ ನೋಡಿದರೆ ಹೆಚ್ಚಿನ ತಪ್ಪುಗಳು ಸಿಗುತ್ತವೆ: ಕ್ರಿಯಾಪದಗಳ ಕೊನೆಯ ಅಕ್ಷರ ಮತ್ತು ಒತ್ತಕ್ಷರಗಳು. ಚಿತ್ರದಲ್ಲಿ ಹತ್ತು ಒತ್ತುಗಳಿದ್ದು ಬರೆದಿಳಿಸಿದ್ದರಲ್ಲಿ ಏಳಿದ್ದರೆ ಮೂರು ಒತ್ತುಗಳು ಕಳೆದುಹೋಗಿವೆ ಎಂದೇ ಅರ್ಥ. ಕೈಬರಹ ಒರಟಾಗಿದ್ದು ಓದಿ ಬಂದ ಪಠ್ಯ ಮಾತ್ರ ಪತ್ರಿಕೆಯ ಕನ್ನಡದಷ್ಟು ನುಣುಪಾಗಿದ್ದರೆ ಅದೇ ಮೊದಲ ಅಪಾಯಸೂಚನೆ.

ಅನೇಕರು ನೆಚ್ಚಿಕೊಳ್ಳುವ ಒಂದು ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಇಂಗ್ಲಿಷಿಗೆ ಬಂದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಮೂಲಕ್ಕೆ ಹೊಂದಿದರೆ ಅನುವಾದ ಸರಿ ಎಂದುಕೊಳ್ಳುವ ರೂಢಿಯಿದೆ. ಲಾವಣಿಯನ್ನು ‘ಬ್ಯಾಲಡ್’ ಎಂದು ಮಾಡಿ ಮತ್ತೆ ಕನ್ನಡಕ್ಕೆ ತಂದರೆ ಬರುವುದು ‘ಲಾವಣಿ’ಯೇ. ‘ಪಿಟ್’ ಕೂಡ ಮರಳಿ ‘ಹಳ್ಳ’ವಾಗಬಲ್ಲದು. ಎರಡೂ ಕಡೆ ಪದ ಹೊಂದಿತು, ಅರ್ಥ ಎಲ್ಲಿಯೋ ಉಳಿಯಿತು. ಈ ಜಾತಿಯ ತಪ್ಪು ಹಿಡಿಯಲು ಆ ಸೀಮೆಯ ಒಬ್ಬರಿಗೆ ವಾಕ್ಯವನ್ನು ಓದಿ ಹೇಳಿ, ಆ ಹೊಲ ಎಲ್ಲಿದೆ, ಅಪ್ಪ ಬೇಡ ಅಂದದ್ದು ಏನನ್ನು ಎಂದು ಕೇಳುವುದೇ ಸರಿಯಾದ ದಾರಿ.

ಇಂಗ್ಲಿಷಿನಲ್ಲಿ ಬರೆಯುವಾಗ ವಸ್ತುವಿನ ಹೆಸರನ್ನು ಮೊದಲ ಸಲ ಬಂದಲ್ಲಿ ಕನ್ನಡದ ಉಚ್ಚಾರದಲ್ಲೇ ಇಟ್ಟು, ಪಕ್ಕದಲ್ಲಿ ನಾಲ್ಕೈದು ಪದಗಳ ವಿವರಣೆ ಕೊಟ್ಟು, ಮುಂದೆ ಅದೇ ಹೆಸರನ್ನು ಬಳಸುವುದು ಅನುಕೂಲ. ‘ಲೀಸ್’ ಎಂದು ಬರೆದು ಸುಮ್ಮನಾದರೆ ಲಾವಣಿ, ಪಾಲುಗಳ ನಡುವಿನ ಗೆರೆ ಅಳಿಸುತ್ತದೆ. ಪ್ರತಿ ಪದಕ್ಕೂ ಹೀಗೆ ಮಾಡಿದರೆ ಓದುವವರು ಓಡಿಹೋಗುತ್ತಾರೆ, ಹಾಗಾಗಿ ವಸ್ತು ಬದಲಾಗುವ ಪದಗಳಿಗೆ ಮಾತ್ರ ಈ ಉಪಚಾರ.

## ಕಾಗದ ಕೋರ್ಟಿಗೆ ಹೋದಾಗ

ಪರಿಣಾಮ ಹೆಚ್ಚು ತೀವ್ರವಾಗುವುದು ಜಮೀನಿನ ವ್ಯಾಜ್ಯಗಳಲ್ಲಿ. ಸಂವಿಧಾನದ 348ನೆಯ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪದ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್, ಆದ್ದರಿಂದ ಕನ್ನಡದ ಕಾಗದಗಳು ಅನುವಾದದೊಂದಿಗೆ ಹೋಗುತ್ತವೆ. 1956ರ ನವೆಂಬರ್ 1ರಂದು ಒಂದಾದ ಪ್ರದೇಶಗಳು ಅದಕ್ಕೂ ಮೊದಲು ಮುಂಬಯಿ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಇದ್ದುದರಿಂದ ಹಳೆಯ ಕಾಗದಗಳ ಪದಗಳೂ ಬೇರೆ ಬೇರೆ. ಉತ್ತರದವರು ಉತಾರ ಎನ್ನುವುದನ್ನು ಮೈಸೂರಿನವರು ಪಹಣಿ ಎನ್ನುತ್ತಾರೆ.

ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಕಾಗದದಲ್ಲಿ ಅಡಿಕೆ ತೋಟದ ಚೆಕ್ಕುಬಂದಿ ಹೇಳುತ್ತ ‘ಪಶ್ಚಿಮಕ್ಕೆ ಬೆಟ್ಟ’ ಎಂದಿದ್ದರೆ ಅನುವಾದಕ ಸಲೀಸಾಗಿ ‘ಹಿಲ್’ ಎಂದು ಬರೆದು ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಬೆಟ್ಟ ಎಂದರೆ ಬಹಳ ಸಲ ಸೊಪ್ಪಿನಬೆಟ್ಟ, ತೋಟಕ್ಕೆ ಹಸಿರೆಲೆ, ದರಕು ಎಂಬ ಒಣ ತರಗೆಲೆ ತರಲು ತೋಟಿಗರಿಗೆ ಸವಲತ್ತು ಇರುವ ಕಾಡಿನ ತುಂಡು. ‘ಹಿಲ್’ ಎಂದಾಗ ಕೇವಲ ಗುಡ್ಡ ಕಾಣುತ್ತದೆ, ಸವಲತ್ತು ಕಾಣೆಯಾಗುತ್ತದೆ.

ಕಾನೂನಿಗೆ ಈ ತೊಡಕು ಗೊತ್ತಿಲ್ಲದ್ದಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 98ನೆಯ ಕಲಮು, ಓದಲಾಗದ ಅಕ್ಷರಗಳ ಅರ್ಥವನ್ನೂ ಸ್ಥಳೀಯ ಮತ್ತು ಪ್ರಾಂತೀಯ ಪದಪ್ರಯೋಗಗಳ ಅರ್ಥವನ್ನೂ ಸಾಕ್ಷ್ಯದಿಂದ ತೋರಿಸಬಹುದು ಎಂದು ಒಂದೇ ಉಸಿರಿನಲ್ಲಿ ಹೇಳಿತ್ತು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಅವಕಾಶ ಉಳಿದಿದೆ. ಅಂದರೆ ಚೀಟಿಯ ‘ಹಳ್ಳ’ ತೊರೆಯೇ ಎಂದು ಊರಿನವರ ಮಾತಿನಿಂದ ಸ್ಥಾಪಿಸಬಹುದು. ಆದರೆ ಈ ಪದ ಸ್ಥಳೀಯ ಎಂದು ಯಾರಿಗಾದರೂ ಹೊಳೆದರೆ ತಾನೆ ಸಾಕ್ಷಿಯ ಮಾತು ಬರುವುದು? ಕೋರ್ಟಿನ ಮುಂದಿರುವುದು ‘ಪಿಟ್’ ಎಂಬ ನಿಸ್ಸಂಶಯದ ಇಂಗ್ಲಿಷ್ ಪದವಾದರೆ ಮೂಲವನ್ನು ತೆರೆದು ನೋಡುವ ಪ್ರಸಂಗವೇ ಹುಟ್ಟುವುದಿಲ್ಲ.

ಎಲ್ಲ ಸಲವೂ ತೀರ್ಮಾನ ಸಾಧ್ಯ ಎಂದಲ್ಲ. ಎರಡು ಸೀಮೆಗಳು ಕೂಡುವ ಕಡೆ ಒಂದೇ ಬರಹದಲ್ಲಿ ‘ಐತೆ’ಯೂ ‘ಐತಿ’ಯೂ ಬರುತ್ತವೆ, ಉತ್ತರದವನೊಬ್ಬ ದಕ್ಷಿಣದಲ್ಲಿ ಓದಿ ಬರೆದಿದ್ದರೆ ಕಾಗುಣಿತ ಒಂದು ಕಡೆಗೆ, ಪದ ಇನ್ನೊಂದು ಕಡೆಗೆ ಎಳೆಯುತ್ತವೆ. ಅಂಥ ಕಡೆ ಅನುವಾದದೊಳಗೆ ‘ಹಳ್ಳ’ ಎಂಬ ಪದವನ್ನೇ ಉಳಿಸಿ, ತೊರೆ ಅಥವಾ ತಗ್ಗು ಎಂಬ ಎರಡೂ ಅರ್ಥಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು, ಯಾವ ರೂಪಗಳಿಂದಾಗಿ ಸಂಶಯ ಉಳಿಯಿತು ಎಂದು ಬರೆದು, ಮೂಲದ ಫೋಟೊವನ್ನು ಅದರೊಂದಿಗೇ ಲಗತ್ತಿಸಬೇಕಾಗುತ್ತದೆ.